ಬೇರಿನ ತುದಿಯಾಚೆ ಅರ್ಧ ಮಿಲಿ

ರೂಟ್ ಕೆನಾಲ್ ಕುರ್ಚಿಯಲ್ಲಿ ಮಲಗಿದವರು ಕೇಳುವ ಮೊದಲ ಪ್ರಶ್ನೆ ನೋವಿನದ್ದು. ಎರಡನೆಯದು ದುಡ್ಡಿನದ್ದು. ಮೂರನೆಯದು ಮಾತ್ರ ಮೂಗಿನಿಂದ ಬರುತ್ತದೆ. 'ಡಾಕ್ಟ್ರೇ, ಇದು ನಮ್ಮನೆ ಬಚ್ಚಲು ತೊಳೆಯೋ ವಾಸನೆ ಅಲ್ವಾ?'

ಹೌದು, ಅದೇ ವಾಸನೆ. ನಿಮ್ಮ ಹಲ್ಲಿನೊಳಗೆ ನಾವು ಬಿಡುವ ನೀರಿನಂಥ ದ್ರವದ ಹೆಸರು ಸೋಡಿಯಂ ಹೈಪೊಕ್ಲೋರೈಟ್. ಕ್ಲಿನಿಕ್ಕಿನಲ್ಲಿ ನಾವು ಕರೆಯುವುದು 'ಹೈಪೊ' ಅಂತ. ಬಿಳಿ ಬಟ್ಟೆಯ ಕಲೆ ತೆಗೆಯುವ ಬ್ಲೀಚಿನಲ್ಲಿ ಇರುವುದೂ ಇದೇ ವಸ್ತು. ಒಂದು ಹನಿ ಸೀರೆಯ ಮೇಲೆ ಬಿದ್ದರೆ ಅಲ್ಲಿಯ ಬಣ್ಣ ಹೋದಂತೆಯೇ ಲೆಕ್ಕ. ಹಾಗೆ ಹಾಳಾದ ಎರಡು ಸೀರೆ, ಒಂದು ರೇಷ್ಮೆ ಪಂಚೆಯ ಋಣ ನನ್ನ ಮೇಲಿದೆ. ಇಪ್ಪತ್ತು ವರ್ಷ ಹಲ್ಲಿನ ಬೇರುಗಳನ್ನೇ ತೊಳೆದುಕೊಂಡು ಬಂದಿರುವ ನನಗೆ ಈ ದ್ರವದ ಮೇಲೆ ಪ್ರೀತಿಯೂ ಇದೆ, ಹೆದರಿಕೆಯೂ ಇದೆ. ಹೆದರಿಕೆ ಹುಟ್ಟಿದ್ದು ಒಂದು ನಿರ್ದಿಷ್ಟ ಮಧ್ಯಾಹ್ನ. ಅದನ್ನು ಹೇಳುವುದಕ್ಕೆ ಮುಂಚೆ, ಇಷ್ಟು ಕಟುವಾದದ್ದನ್ನು ಬಾಯೊಳಗೆ ಏಕೆ ಬಿಡುತ್ತೇವೆ ಎಂಬುದನ್ನು ಹೇಳಬೇಕು.

ರೂಟ್ ಕೆನಾಲ್ ಎಂದರೆ ಸೂಜಿಯಂಥ ಫೈಲುಗಳಿಂದ ಹಲ್ಲಿನ ಒಳಗನ್ನು ಕೆರೆದು ಸ್ವಚ್ಛ ಮಾಡುವುದು ಎಂದು ಬಹಳ ಜನ ತಿಳಿದಿದ್ದಾರೆ. ಓದುವಾಗ ನಾನೂ ಹಾಗೇ ತಿಳಿದಿದ್ದೆ. ಪುಸ್ತಕದ ಚಿತ್ರದಲ್ಲಿ ಬೇರಿನ ನಾಳ ನೆಟ್ಟಗಿನ ಕೊಳವೆಯ ಹಾಗೆ ಕಾಣುತ್ತದೆ. ನಿಜವಾದ ನಾಳ ಹಾಗಿರುವುದು ಅಪರೂಪ. ಕೆಲವು ಕಡೆ ಚಪ್ಪಟೆ, ಕೆಲವು ಕಡೆ ಬಳುಕು. ಎರಡು ನಾಳಗಳ ನಡುವೆ ಕೂದಲಷ್ಟು ತೆಳುವಾದ ಓಣಿ ಇರುತ್ತದೆ, ಪಕ್ಕಕ್ಕೆ ಒಡೆದ ಕವಲುಗಳಿರುತ್ತವೆ, ತುದಿಗೆ ಬಂದಾಗ ಹೊಳೆ ಸಮುದ್ರ ಸೇರುವಲ್ಲಿ ಸೀಳಿಕೊಳ್ಳುವಂತೆ ಸೀಳಿಕೊಂಡಿರುವುದೂ ಉಂಟು. ಫೈಲು ದುಂಡಗೆ ತಿರುಗುತ್ತದೆ, ನಾಳ ದುಂಡಗಿಲ್ಲ. ಜ್ಯೂರಿಕ್‌ನ ಸಂಶೋಧಕರು ಕಿತ್ತ ಹಲ್ಲುಗಳನ್ನು ಫೈಲು ಹಾಕುವ ಮೊದಲು ಮತ್ತು ಆಮೇಲೆ ಸೂಕ್ಷ್ಮ ಸಿಟಿ ಸ್ಕ್ಯಾನ್ ಮಾಡಿ 2001ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ನಾಳದ ಗೋಡೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜಾಗಕ್ಕೆ ಫೈಲು ತಾಗಿರಲೇ ಇಲ್ಲ. ಯಾವ ಕಂಪನಿಯ ಫೈಲಾದರೂ ಅಷ್ಟೇ.

ಹಾಗಾದರೆ ಆ ಮುಟ್ಟದ ಗೋಡೆಗೆ ಅಂಟಿದ ಸತ್ತ ತಿರುಳು, ಅದನ್ನು ತಿಂದುಕೊಂಡು ಕೂತ ಬ್ಯಾಕ್ಟೀರಿಯಾ? ಅಲ್ಲಿಗೆ ಹೋಗಬಲ್ಲದ್ದು ದ್ರವ ಒಂದೇ. ಫೈಲು ದಾರಿ ಮಾಡಿಕೊಡುತ್ತದೆ, ತೊಳೆಯುವುದು ದ್ರವ. ಈ ಒಂದು ಮಾತು ತಲೆಗೆ ಹತ್ತಲು ನನಗೆ ಕಾಲೇಜು ಬಿಟ್ಟ ಮೇಲೆ ಮೂರ್ನಾಲ್ಕು ವರ್ಷ ಹಿಡಿಯಿತು.

ತೊಳೆಯುವುದಕ್ಕೆ ಬರೀ ಸಲೈನ್, ಅಂದರೆ ಉಪ್ಪುನೀರು ಸಾಲದೇ? ಸಾಲದು. ಸಲೈನು ಸಡಿಲವಾಗಿರುವುದನ್ನು ಹೊರಗೆ ತರುತ್ತದೆ, ಅಂಟಿಕೊಂಡದ್ದನ್ನು ಅಲ್ಲಾಡಿಸುವುದಿಲ್ಲ. ಎಣ್ಣೆ ಜಿಡ್ಡು ಹಿಡಿದ ಬಾಣಲೆಗೆ ಬರೀ ನೀರು ಹಾಕಿದ ಹಾಗೆ. ಹೈಪೊ ಮಾಡುವ ಕೆಲಸವೇ ಬೇರೆ. ಅದು ತೀವ್ರ ಕ್ಷಾರ. ತಿರುಳಿನಲ್ಲಿರುವ ಕೊಬ್ಬನ್ನು ಅಕ್ಷರಶಃ ಸಾಬೂನಾಗಿ ಮಾರ್ಪಡಿಸುತ್ತದೆ, ಪ್ರೋಟೀನನ್ನು ಮುರಿದು ಕರಗಿಸುತ್ತದೆ. ಅದರಲ್ಲಿರುವ ಕ್ಲೋರಿನ್ ಬ್ಯಾಕ್ಟೀರಿಯಾದ ಕಿಣ್ವಗಳನ್ನು ಕೆಡಿಸಿ ಅವನ್ನು ಕೊಲ್ಲುತ್ತದೆ. ಕಿತ್ತ ಹಲ್ಲಿನಿಂದ ತೆಗೆದ ಒಂದು ಎಳೆ ತಿರುಳನ್ನು ಗಾಜಿನ ಬಟ್ಟಲಲ್ಲಿಟ್ಟು ಮೇಲೆ ಹೈಪೊ ಹಾಕಿ ನೋಡಿ. ಮೊದಲು ಎಳೆಯ ಸುತ್ತ ಸಣ್ಣ ಸಣ್ಣ ಗುಳ್ಳೆ ಏಳುತ್ತದೆ, ಅಂಚು ಮಸುಕಾಗುತ್ತದೆ, ಎಳೆ ಸಣ್ಣಗಾಗುತ್ತಾ ಬರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಬಟ್ಟಲಲ್ಲಿ ಏನೂ ಇರುವುದಿಲ್ಲ. ನಮ್ಮ ಬಳಿ ಇರುವ ತೊಳೆಯುವ ದ್ರವಗಳಲ್ಲಿ ಸತ್ತ ಅಂಗಾಂಶವನ್ನು ಹೀಗೆ ಕರಗಿಸುವುದು ಇದೊಂದೇ. ಹಾಗಾಗಿಯೇ ನೂರು ವರ್ಷ ಕಳೆದರೂ ಇದರ ಜಾಗಕ್ಕೆ ಇನ್ನೊಂದು ಬಂದಿಲ್ಲ.

ಇದು ಹಲ್ಲಿಗೆ ಬಂದದ್ದು ಯುದ್ಧಭೂಮಿಯಿಂದ. ಮೊದಲನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಗಾಯಗಳು ಕೊಳೆತು ಕೈಕಾಲು ಕತ್ತರಿಸಬೇಕಾಗಿ ಬರುತ್ತಿತ್ತು. ಫ್ರಾನ್ಸಿನ ಕೊಂಪಿಯೆನ್ಯ್‌ನ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಅಲೆಕ್ಸಿ ಕರೆಲ್ ಜೊತೆ ಕೆಲಸ ಮಾಡಿದ ಇಂಗ್ಲಿಷ್ ರಸಾಯನತಜ್ಞ ಹೆನ್ರಿ ಡಾಕಿನ್ ಇದಕ್ಕೆ ಕಂಡುಕೊಂಡದ್ದು ಶೇಕಡಾ ಅರ್ಧದಷ್ಟು ತೆಳುವಾದ, ಕ್ಷಾರವನ್ನು ತಗ್ಗಿಸಿದ ಹೈಪೊಕ್ಲೋರೈಟ್. 1915ರಲ್ಲಿ ಅದು ಪ್ರಕಟವಾಯಿತು. ಅವರಿಬ್ಬರೂ ಅದನ್ನು ಗಾಯಕ್ಕೆ ಒಮ್ಮೆ ಸುರಿದು ಬಿಡಲಿಲ್ಲ. ಗಾಯದೊಳಗೆ ರಬ್ಬರ್ ಕೊಳವೆ ಇಟ್ಟು ಎರಡೆರಡು ಗಂಟೆಗೆ ಹೊಸದಾಗಿ ಹರಿಸುತ್ತಿದ್ದರು. ದ್ರವ ಕೊಳೆಯ ಜೊತೆ ಹೋರಾಡುತ್ತಾ ತನ್ನ ಕ್ಲೋರಿನನ್ನು ಕಳೆದುಕೊಳ್ಳುತ್ತದೆ, ಕಳೆದುಕೊಂಡ ಮೇಲೆ ಅದು ಬರೀ ಉಪ್ಪುನೀರು ಎಂಬುದು ಅವರಿಗೆ ಗೊತ್ತಿತ್ತು. ನನ್ನನ್ನು ಕೇಳಿದರೆ, ಶೇಕಡಾವಾರು ಎಷ್ಟೆಂಬುದಕ್ಕಿಂತ ಈ ಎರಡು ಗಂಟೆಯ ಲೆಕ್ಕವೇ ಅವರು ಬಿಟ್ಟುಹೋದ ದೊಡ್ಡ ಪಾಠ.

ಶೇಕಡಾವಾರು ಲೆಕ್ಕದ ಜಗಳ ನಮ್ಮಲ್ಲಿ ಮುಗಿಯುವುದೇ ಇಲ್ಲ. ಹಲ್ಲಿಗೆ ಬಳಸುವ ಹೈಪೊ ಶೇ. 0.5ರಿಂದ ಶೇ. 6ರವರೆಗೂ ಇದೆ. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇ. 3 ಮತ್ತು ಶೇ. 5ರ ಆಸುಪಾಸಿನ ಬಾಟಲಿಗಳು. ಶೇ. 3 ಎಂದರೆ ನೂರು ಮಿಲಿ ದ್ರವದಲ್ಲಿ ಮೂರು ಗ್ರಾಂ ಹೈಪೊಕ್ಲೋರೈಟ್. ಗಟ್ಟಿ ಇದ್ದಷ್ಟೂ ಬೇಗ ಕರಗಿಸುತ್ತದೆ ಎಂಬುದು ನಿಜ. ಆದರೆ ಗಟ್ಟಿ ಇದ್ದಷ್ಟೂ ಜೀವಂತ ಅಂಗಾಂಶವನ್ನೂ ಬೇಗ ಕರಗಿಸುತ್ತದೆ. ಸತ್ತದ್ದು ಯಾವುದು, ಬದುಕಿರುವುದು ಯಾವುದು ಎಂದು ಅದಕ್ಕೆ ತಿಳಿಯದು. ರೋಹ್ಟಕ್‌ನ ದಂತ ವೈದ್ಯಕೀಯ ಕಾಲೇಜಿನವರು ಕೆಳದವಡೆಯ ಹಲ್ಲುಗಳಲ್ಲಿ ಶೇ. 1 ಮತ್ತು ಶೇ. 5ರ ಹೈಪೊವನ್ನು ಹೋಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರಿನ ಸುತ್ತಲಿನ ಮೂಳೆ ಗುಣವಾಗುವುದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ತೆಳು ಹೈಪೊವನ್ನು ಬಿಸಿ ಮಾಡಿದರೆ ಅದರ ಕಸುವು ಹೆಚ್ಚುತ್ತದೆ ಎಂಬುದೂ ಪ್ರಯೋಗಾಲಯದಲ್ಲಿ ಕಂಡಿದೆ. 45 ಡಿಗ್ರಿ ಬಿಸಿಯ ಶೇ. 1ರ ದ್ರವ, ತಣ್ಣಗಿನ ಶೇ. 5ರಷ್ಟೇ ಚೆನ್ನಾಗಿ ತಿರುಳನ್ನು ಕರಗಿಸಿತಂತೆ.

ಅದಕ್ಕೂ ಮಿಗಿಲಾದ ಒಂದು ವಿಷಯ ಪ್ರಮಾಣದ್ದು. ಹಲ್ಲಿನ ಒಂದು ನಾಳದಲ್ಲಿ ಎಷ್ಟು ದ್ರವ ಹಿಡಿಸುತ್ತದೆ ಎಂದು ಊಹಿಸಿ. ಒಂದು ಚಮಚ? ಅರ್ಧ ಚಮಚ? ಮಳೆಗಾಲದಲ್ಲಿ ಸೂರಿನಿಂದ ತೊಟ್ಟಿಕ್ಕುವ ಒಂದು ಹನಿಯೂ ಪೂರ್ತಿ ಹಿಡಿಸದು. ಅಷ್ಟು ಸಣ್ಣ ಜಾಗದಲ್ಲಿ ನಿಂತ ಹೈಪೊ ಒಂದೆರಡು ನಿಮಿಷದಲ್ಲಿ ತನ್ನ ಕಸುವು ಕಳೆದುಕೊಳ್ಳುತ್ತದೆ. ಆದ್ದರಿಂದ ಒಂದು ನಾಳಕ್ಕೆ ಹಲವು ಮಿಲಿಲೀಟರು, ಮತ್ತೆ ಮತ್ತೆ, ಪ್ರತಿ ಫೈಲಿನ ನಂತರವೂ ಹೊಸದಾಗಿ ಬಿಡಬೇಕು. ಶೇ. 5ರ ಬಾಟಲಿ ಇಟ್ಟುಕೊಂಡು ಎರಡು ಸಲ ಚಿಮುಕಿಸಿ ಮುಗಿಸುವ ಡಾಕ್ಟರಿಗಿಂತ ಶೇ. 1ರದ್ದನ್ನು ತಾಳ್ಮೆಯಿಂದ ಹತ್ತು ಸಲ ಬದಲಿಸುವವರ ಕೈಗೆ ನನ್ನ ಹಲ್ಲು ಕೊಟ್ಟೇನು. ಬಾಟಲಿಯ ಮೇಲೆ ಬರೆದ ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ. ಬಿಸಿಲಿನಲ್ಲಿ, ಬೆಳಕಿನಲ್ಲಿ, ಮುಚ್ಚಳ ಸಡಿಲ ಬಿಟ್ಟಲ್ಲಿ ಹೈಪೊ ದಿನದಿನಕ್ಕೆ ಸಾಯುತ್ತದೆ. ಕಿಟಕಿಯ ಪಕ್ಕ ಆರು ತಿಂಗಳು ನಿಂತ ಶೇ. 5ರ ಬಾಟಲಿಯಲ್ಲಿ ಶೇ. 5 ಇರುವುದಿಲ್ಲ.

ಹೈಪೊಗೆ ಒಂದು ಕೊರತೆ ಇದೆ. ಫೈಲು ಕೆರೆದಾಗ ಹಲ್ಲಿನ ಪುಡಿ ತೇವದಲ್ಲಿ ಕಲಸಿ ಗೋಡೆಗೆ ಸಗಣಿ ಸಾರಿಸಿದಂತೆ ಒಂದು ತೆಳು ಪದರ ಮೆತ್ತಿಕೊಳ್ಳುತ್ತದೆ. ಅದರ ಹಿಂದೆ ಹಲ್ಲಿನ ಸೂಕ್ಷ್ಮ ಕೊಳವೆಗಳ ಬಾಯಿ, ಆ ಬಾಯೊಳಗೆ ಬ್ಯಾಕ್ಟೀರಿಯಾ. ಈ ಪದರದ ಹೆಚ್ಚಿನ ಭಾಗ ಖನಿಜ, ಹೈಪೊಗೆ ಜಗ್ಗದು. ಅದಕ್ಕೆ ಈಡಿಟಿಎ ಎಂಬ ಇನ್ನೊಂದು ದ್ರವ ಬೇಕು. ನಾರ್ವೆಯ ನೀಗೋರ್ ಓಸ್ಟ್‌ಬಿ 1957ರಲ್ಲಿ ಅದನ್ನು ಹಲ್ಲಿನ ಕೆಲಸಕ್ಕೆ ತಂದರು. ಅದು ಕ್ಯಾಲ್ಸಿಯಂ ಅನ್ನು ಕಚ್ಚಿ ಹಿಡಿದು ಎಳೆದುಕೊಳ್ಳುತ್ತದೆ. ಶೇ. 17ರದ್ದನ್ನು ಕೊನೆಯಲ್ಲಿ ಒಂದು ನಿಮಿಷ ಬಿಟ್ಟರೆ ಸಾಕು, ಪದರ ಕರಗಿ ಕೊಳವೆಗಳ ಬಾಯಿ ತೆರೆಯುತ್ತದೆ. ಹತ್ತು ನಿಮಿಷ ಬಿಟ್ಟರೆ ಗೋಡೆಯನ್ನೇ ತಿನ್ನತೊಡಗುತ್ತದೆ. ಇವೆರಡನ್ನೂ ಒಟ್ಟಿಗೆ ಬೆರೆಸಬಾರದು. ಈಡಿಟಿಎ ಹೈಪೊದ ಕ್ಲೋರಿನನ್ನು ನುಂಗಿಬಿಡುತ್ತದೆ, ಆಮೇಲೆ ಹೈಪೊ ಏನನ್ನೂ ಕರಗಿಸಲಾರದು.

ಕ್ಲೋರ್‌ಹೆಕ್ಸಿಡೀನ್ ಎಂಬುದೂ ಒಂದಿದೆ. ಬಾಯಿ ಮುಕ್ಕಳಿಸಲು ಕೊಡುವ ಮೌತ್‌ವಾಶಿನಲ್ಲಿ ಅದು ಶೇ. 0.2 ಇರುತ್ತದೆ, ನಾಳಕ್ಕೆ ಶೇ. 2ರದ್ದು. ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಹಲ್ಲಿಗೆ ಅಂಟಿಕೊಂಡು ತುಂಬಾ ಹೊತ್ತು ಕೆಲಸ ಮಾಡುತ್ತದೆ, ಆದರೆ ಸತ್ತ ತಿರುಳನ್ನು ಕರಗಿಸುವುದಿಲ್ಲ. ನಾಳದಲ್ಲಿ ಹೈಪೊ ಉಳಿದಿರುವಾಗ ಇದನ್ನು ಬಿಟ್ಟರೆ ಕ್ಷಣದಲ್ಲಿ ಇಟ್ಟಿಗೆ ಬಣ್ಣದ ಗಸಿ ಕಟ್ಟುತ್ತದೆ. ಹಲ್ಲಿಗೆ ಕಲೆ, ಕೊಳವೆಗಳಿಗೆ ಬೂಚು. ನಡುವೆ ಸಲೈನಿನಲ್ಲಿ ತೊಳೆದು ಒಣಗಿಸದವರ ಕೈಯಲ್ಲಿ ಹೀಗಾಗುತ್ತದೆ.

ಇಷ್ಟೂ ನಾಳದ ಒಳಗಿನ ಮಾತಾಯಿತು. ನಾಳಕ್ಕೆ ಕೆಳಗೊಂದು ಬಾಗಿಲಿದೆ. ಬೇರಿನ ತುದಿಯಲ್ಲಿ ಕಾಲು ಮಿಲಿಮೀಟರಿನಷ್ಟು, ಹೆಚ್ಚೆಂದರೆ ಅದಕ್ಕಿಂತ ತುಸು ದೊಡ್ಡದಾದ ತೂತು. ಅದರಾಚೆ ಜೀವಂತ ಮೂಳೆ, ರಕ್ತನಾಳ, ನರ. ಸಾಮಾನ್ಯವಾಗಿ ನಾಳ ತುದಿಯ ಸಮೀಪ ಕಿರಿದಾಗುತ್ತದೆ, ಆ ಕಿರಿದಾದಲ್ಲಿಗೇ ನಮ್ಮ ಕೆಲಸ ಮುಗಿಯಬೇಕು. ಸಿರಿಂಜಿನ ಸೂಜಿ ನಾಳದಲ್ಲಿ ಸಡಿಲವಾಗಿ ಆಡುತ್ತಿದ್ದರೆ, ಬಿಟ್ಟ ದ್ರವ ಕೆಳಗೆ ಸುತ್ತಿ ಸೂಜಿಯ ಪಕ್ಕದ ಸಂದಿಯಿಂದ ಮೇಲಕ್ಕೆ ಬರುತ್ತದೆ, ಸಕ್ಷನ್ ಪೈಪು ಅದನ್ನು ಎಳೆದುಕೊಳ್ಳುತ್ತದೆ. ಸೂಜಿ ಗೋಡೆಗೆ ಸಿಕ್ಕಿಕೊಂಡರೆ ಮೇಲಕ್ಕೆ ದಾರಿ ಇಲ್ಲ. ಬಾಟಲಿಯ ಬಾಯಿಗೆ ಆಲಿಕೆ ಬಿಗಿಯಾಗಿ ಕೂತು ಗಾಳಿ ಹೊರಡದೆ ಎಣ್ಣೆ ನಿಂತುಬಿಡುವುದನ್ನು ನೋಡಿದ್ದೀರಲ್ಲ? ಇಲ್ಲಿ ಬಾಟಲಿಗೆ ತಳದಲ್ಲೂ ತೂತಿದೆ. ಹೆಬ್ಬೆರಳು ಒತ್ತಿದರೆ ದ್ರವ ನಿಲ್ಲುವುದಿಲ್ಲ, ತಳದಿಂದ ಹೋಗುತ್ತದೆ.

ಆ ಮಧ್ಯಾಹ್ನ ನಾನು ಒತ್ತಿದ್ದೆ.

ಶಿವಮೊಗ್ಗದ ಪಕ್ಕದ ಊರಿನ ಅಂಗನವಾಡಿ ಮೇಡಂ ಒಬ್ಬರು, ವಯಸ್ಸು ನಲವತ್ತರ ಆಸುಪಾಸು. ಮೇಲ್ದವಡೆ ಎಡಗಡೆ ಕೋರೆಹಲ್ಲಿನ ಹಿಂದಿನ ಹಲ್ಲು. ನಾಳದ ಉದ್ದ ಅಳೆದದ್ದು 20 ಮಿಲಿಮೀಟರ್. ಶೇ. 3ರ ಹೈಪೊ, ಐದು ಮಿಲಿಯ ಸಿರಿಂಜು, ತುದಿಯಲ್ಲಿ ತೂತಿರುವ 27 ಗೇಜಿನ ಮಾಮೂಲಿ ಸೂಜಿ. ಸೂಜಿಯ ಮೇಲೆ ಗುರುತಿಗೆ ರಬ್ಬರ್ ತುಂಡು ಹಾಕಿರಲಿಲ್ಲ. ಹೊರಗೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು. ಒಂದು ಸಲ ಸೂಜಿ ಇಳಿಸಿದಾಗ ಎಲ್ಲೋ ಹಿಡಿದಂತಾಯಿತು. ಹೊರಗೆಳೆದು ಮತ್ತೆ ಹಾಕಬೇಕಿತ್ತು. ಅದರ ಬದಲು, ದ್ರವ ಹೋಗುತ್ತಿಲ್ಲವಲ್ಲ ಎಂದು ಹೆಬ್ಬೆರಳು ಸ್ವಲ್ಪ ಜೋರಾಗಿ ಒತ್ತಿದೆ. ಸಿರಿಂಜು ಸಲೀಸಾಗಿ ಇಳಿಯಿತು. ಅರ್ಧ ಮಿಲಿ ಇರಬಹುದು.

ಮೇಡಂ ನನ್ನ ಮಣಿಕಟ್ಟನ್ನು ಹಿಡಿದುಕೊಂಡರು. ದವಡೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದೆ, ಕೆಲಸ ಶುರುವಾದಾಗಿನಿಂದ ಅವರು ಒಮ್ಮೆಯೂ ಅಲ್ಲಾಡಿರಲಿಲ್ಲ. ಆ ಹಿಡಿತ ಈಗಲೂ ನೆನಪಿದೆ, ಉಗುರಿನ ಗುರುತು ಸಂಜೆವರೆಗೂ ಇತ್ತು. ನಾನು ಸೂಜಿ ತೆಗೆಯುವಷ್ಟರಲ್ಲಿ ನಾಳದಿಂದ ರಕ್ತ ಬುಗ್ಗೆಯಂತೆ ಮೇಲೆ ಬಂತು. ಒಂದೆರಡು ನಿಮಿಷದಲ್ಲಿ ಎಡಗೆನ್ನೆ ಉಬ್ಬತೊಡಗಿತು, ಕಣ್ಣಿನ ಕೆಳಗಿನ ಚರ್ಮ ಬಿಗಿಯಾಯಿತು. ರಬ್ಬರ್ ಹಾಳೆ ತೆಗೆದ ಮೇಲೆ ಅವರು ಹೇಳಿದ ಮಾತು ಒಂದೇ. 'ಕಣ್ಣೊಳಗೆ ಮೆಣಸಿನಪುಡಿ ಹಾಕ್ದಂಗಾಯ್ತು ಡಾಕ್ಟ್ರೇ.'

ಈ ಮೂರು ಲಕ್ಷಣಗಳು, ಅಂದರೆ ಮರಗಟ್ಟಿದ್ದರೂ ಸಿಡಿಲಿನಂತೆ ಬರುವ ಉರಿನೋವು, ನೋಡನೋಡುತ್ತಿದ್ದಂತೆ ಏಳುವ ಬಾವು, ನಾಳದಿಂದ ಉಕ್ಕುವ ರಕ್ತ, ಒಟ್ಟಿಗೆ ಕಂಡರೆ ಬೇರೆ ಏನನ್ನೂ ಹುಡುಕಬೇಕಿಲ್ಲ. ರೂಟ್ ಕೆನಾಲ್ ಆದ ಮರುದಿನವೋ ಅದರ ಮರುದಿನವೋ ಹಲ್ಲು ನೋಯುವುದು, ಸ್ವಲ್ಪ ಬಾತುಕೊಳ್ಳುವುದು ಬೇರೆ. ಅದು ಒಳಗಿದ್ದ ನಂಜು ಕೆರಳಿದ್ದು, ನಿಧಾನವಾಗಿ ಬರುತ್ತದೆ. ಹೈಪೊ ಆಚೆ ಹೋದದ್ದು ನಿಮಿಷಗಳಲ್ಲಿ ತೋರುತ್ತದೆ. ಮೇಲಿನ ಹಿಂದಿನ ಹಲ್ಲುಗಳ ಬೇರು ಮೂಗಿನ ಪಕ್ಕದ ಸೈನಸ್ಸಿಗೆ ಹತ್ತಿರ ಇರುವುದರಿಂದ, ದ್ರವ ಅಲ್ಲಿಗೆ ಹೋದರೆ ಬಾವು ಬಾರದೆ ಗಂಟಲಲ್ಲಿ ಕ್ಲೋರಿನ್ ರುಚಿ ಬರುವುದೂ ಉಂಟು, ಮೂಗಿನಲ್ಲಿ ಉರಿಯೂ ಉಂಟು.

ಹಲ್ಲಿನ ತುದಿಯಲ್ಲಿ ಹೋದದ್ದು ಕಣ್ಣಿನ ಕೆಳಗೆ ಹೇಗೆ ಬಂತು? ಇದು ನನ್ನನ್ನು ಬಹಳ ದಿನ ಕಾಡಿತು. ಹೋದ ಜಾಗದಲ್ಲೇ ಹರಡಿದ್ದರೆ ಬಾವು ಒಸಡಿನ ಮೇಲೆ ಇರಬೇಕಿತ್ತು. ಇಂಥ ಪ್ರಕರಣಗಳ ಫೋಟೋಗಳನ್ನು ನೋಡಿದರೆ ಬಹುತೇಕ ಒಂದೇ ನಕ್ಷೆ. ಕಣ್ಣಿನ ಸುತ್ತ, ಮೂಗಿನ ಪಕ್ಕ, ಬಾಯಿಯ ಮೂಲೆ. ಮುಖದ ರಕ್ತ ಹೊತ್ತು ಇಳಿಯುವ ಅಭಿಧಮನಿ ಸಾಗುವ ದಾರಿಯೂ ಅದೇ. ಬೇರಿನ ತುದಿಯ ಮೂಳೆಯೊಳಗಿನ ಸಣ್ಣ ಅಭಿಧಮನಿಗೆ ದ್ರವ ನುಗ್ಗಿ, ಅಲ್ಲಿಂದ ಮುಖದ ದೊಡ್ಡ ಅಭಿಧಮನಿ ಸೇರಿ ಅದರ ಗೋಡೆಯನ್ನು ಕೆಡಿಸುತ್ತದೆ ಎಂದು ಈಚಿನ ಕೆಲವು ಸಂಶೋಧಕರು ವಾದಿಸುತ್ತಾರೆ. ಅಭಿಧಮನಿಯೊಳಗಿನ ಒತ್ತಡ ಬಹಳ ಕಡಿಮೆ. ನಾವು ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿಪಿಯ ಇಪ್ಪತ್ತನೇ ಒಂದು ಪಾಲೂ ಇರದು. ಸಿಕ್ಕಿಕೊಂಡ ಸೂಜಿಯ ಹಿಂದಿನ ಹೆಬ್ಬೆರಳು ಅದನ್ನು ಮೀರುವುದು ಏನೂ ಕಷ್ಟವಲ್ಲ. ನನಗೆ ಈ ವಾದ ಒಪ್ಪಿಗೆಯಾಗುತ್ತದೆ, ಮೇಡಂ ಮುಖ ಕಣ್ಣಾರೆ ಕಂಡಿದ್ದರಿಂದ.

ಇದಕ್ಕೆ ಮದ್ದು ಇದೆಯೇ ಎಂದರೆ, ಹೋದದ್ದನ್ನು ವಾಪಸು ತರುವ ಮದ್ದಿಲ್ಲ. ಆ ಹೊತ್ತಿಗೆ ಮಾಡಬಹುದಾದದ್ದನ್ನು ಮಾಡಿದೆ. ಮೊದಲು ನಡೆದದ್ದನ್ನು ಅವರಿಗೆ ಹೇಳಿದೆ. 'ಔಷಧ ಬೇರಿನ ಹೊರಗೆ ಹೋಗಿದೆ ಮೇಡಂ, ತಪ್ಪು ನನ್ನದು, ಇದು ಇನ್ನೂ ಬಾಯುತ್ತೆ, ಹೆದರಬೇಡಿ, ಇಳಿಯುತ್ತೆ.' ಹೇಳದಿದ್ದರೆ ಮನೆಗೆ ಹೋಗಿ ಕನ್ನಡಿ ನೋಡಿದಾಗ ಎದೆ ಒಡೆದುಕೊಳ್ಳುತ್ತಿದ್ದರು. ನಾಳದಿಂದ ರಕ್ತ ಬರುವುದನ್ನು ತಡೆಯಲಿಲ್ಲ, ಅದರ ಜೊತೆ ಒಂದಿಷ್ಟು ಹೈಪೊ ಹೊರಬರಲಿ ಎಂದು ಸಕ್ಷನ್ನಿನಿಂದ ಎಳೆಯುತ್ತಾ ಬಿಟ್ಟೆ. ಒತ್ತದೆ, ಹನಿಹನಿಯಾಗಿ ಸಲೈನ್ ಬಿಟ್ಟು ನಾಳ ತೊಳೆದೆ. ನೋವಿಗೆ ತುಂಬಾ ಹೊತ್ತು ಹಿಡಿಯುವ ಇಂಜೆಕ್ಷನ್ ಕೊಟ್ಟೆ. ಮೊದಲ ದಿನ ಐಸು, ಮರುದಿನದಿಂದ ಬಿಸಿನೀರಿನ ಶಾಖ. ನೋವಿನ ಮಾತ್ರೆ, ಸತ್ತ ಅಂಗಾಂಶದಲ್ಲಿ ಸೋಂಕು ಸೇರದಿರಲೆಂದು ಆಂಟಿಬಯಾಟಿಕ್. ಉಸಿರಾಟಕ್ಕೆ, ನುಂಗುವುದಕ್ಕೆ ಒಂಚೂರು ತೊಂದರೆ ಅನಿಸಿದರೂ ರಾತ್ರಿಯೇ ದೊಡ್ಡಾಸ್ಪತ್ರೆಗೆ ಹೋಗಬೇಕು ಎಂದು ಹೇಳಿ ನನ್ನ ಮೊಬೈಲ್ ನಂಬರ್ ಬರೆದುಕೊಟ್ಟೆ. ಕೆಳದವಡೆಯ ಹಲ್ಲಿನಲ್ಲಿ ಹೀಗಾದರೆ ಬಾವು ನಾಲಿಗೆಯ ಕೆಳಗೆ, ಗಂಟಲ ಕಡೆ ಇಳಿಯುವ ಅಪಾಯ ಹೆಚ್ಚು.

ಮರುದಿನ ಬಂದಾಗ ಎಡಗಣ್ಣು ಮುಚ್ಚಿಹೋಗಿತ್ತು. ಕೆನ್ನೆ ನೇರಳೆಹಣ್ಣಿನ ಬಣ್ಣ. ನಾಲ್ಕನೇ ದಿನಕ್ಕೆ ಆ ನೀಲಿ ದವಡೆಯಂಚು ದಾಟಿ ಕುತ್ತಿಗೆಗೆ ಇಳಿದಿತ್ತು. ರಕ್ತ ಕೆಳಗೆ ಜಾರುವುದು ಅಷ್ಟೇ, ಕಾಯಿಲೆ ಹರಡಿದ್ದಲ್ಲ ಎಂದು ವಿವರಿಸಬೇಕಾಯಿತು. ಒಂದು ದಿನ ಜೊತೆಗೆ ಬಂದ ಅವರ ಯಜಮಾನರು ಬಾಗಿಲಲ್ಲೇ ನಿಂತು ಮೆಲ್ಲಗೆ ಹೇಳಿದರು, 'ಸಾರ್, ಊರಲ್ಲಿ ಎಲ್ಲಾ ನನ್ನ ಮುಖಾನೇ ನೋಡ್ತಾರೆ. ಕೈ ಮಾಡಿದ್ದಾನೆ ಅಂದ್ಕೊಂಡಿದಾರೆ.' ನಾನು ನನ್ನ ಚೀಟಿಯಲ್ಲಿ ನಡೆದದ್ದನ್ನು ಕನ್ನಡದಲ್ಲಿ ಬರೆದು ಸಹಿ ಹಾಕಿ ಕೊಟ್ಟೆ. ಅದನ್ನು ಅವರು ಯಾರಿಗಾದರೂ ತೋರಿಸಿದರೋ ಇಲ್ಲವೋ ಕೇಳಲಿಲ್ಲ.

ಹತ್ತನೇ ದಿನಕ್ಕೆ ನೀಲಿ ಹಸಿರಾಗಿ, ಹಸಿರು ಹಳದಿಯಾಯಿತು. ಮೂರು ವಾರಕ್ಕೆ ಮುಖ ಮೊದಲಿನಂತಾಯಿತು. ಮೇಲ್ದುಟಿಯ ಎಡಗಡೆ ಮಾತ್ರ ಎರಡು ಬೆರಳು ಜಾಗ ಜೋಮು ಹಿಡಿದಂತೆಯೇ ಇತ್ತು, ಕಣ್ಣಿನ ಕೆಳಗಿಂದ ಬರುವ ನರಕ್ಕೆ ಹೈಪೊ ತಾಗಿದ್ದರಿಂದ. ಕೆಲವರಲ್ಲಿ ಈ ಜೋಮು ಹೋಗುವುದೇ ಇಲ್ಲ. ಅವರದ್ದು ಎರಡು ತಿಂಗಳಿಗೆ ಬಿಟ್ಟಿತು.

ಬಾವು ಇಳಿದ ಮೇಲೆ ಸ್ಕ್ಯಾನ್ ಮಾಡಿಸಿದೆ. ಆ ಬೇರಿನ ತುದಿಯ ಕೆನ್ನೆಯ ಬದಿಗೆ ಮೂಳೆಯೇ ಇರಲಿಲ್ಲ. ಗೋಡೆಯಿಂದ ಹೊರಗೆ ಇಣುಕಿದ ಮೊಳೆಯಂತೆ ಬೇರು ಮೂಳೆಯಿಂದಾಚೆ ಬಂದು ಒಸಡಿನ ಪೊರೆಗೆ ಒರಗಿತ್ತು. ಮೇಲಿನ ಹಲ್ಲುಗಳಲ್ಲಿ ಹೀಗಿರುವುದು ಅಪರೂಪವಲ್ಲ, ಮಾಮೂಲಿ ಎಕ್ಸ್‌ರೇಯಲ್ಲಿ ಅದು ಕಾಣುವುದೂ ಇಲ್ಲ. ಇದನ್ನು ನೆಪ ಎಂದು ಹೇಳುತ್ತಿಲ್ಲ. ಮೂಳೆ ಇರಲಿ ಬಿಡಲಿ, ಸೂಜಿ ಸಿಕ್ಕಿಕೊಳ್ಳದಿದ್ದರೆ ದ್ರವಕ್ಕೆ ಮೇಲಕ್ಕೆ ಬರುವ ದಾರಿ ಇರುತ್ತಿತ್ತು. ಇನ್ನೂ ಬೆಳೆಯುತ್ತಿರುವ ಮಕ್ಕಳ ಹಲ್ಲಿನಲ್ಲಿ ಬೇರಿನ ತುದಿ ಅಗಲವಾಗಿ ತೆರೆದಿರುತ್ತದೆ, ಹಳೆಯ ಬಾವಿನಿಂದ ತುದಿ ಸವೆದ ಹಲ್ಲುಗಳಲ್ಲೂ ಹಾಗೆ. ಅಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು.

ಈಗ ನನ್ನ ಮೇಜಿನ ಮೇಲಿರುವ ಸೂಜಿ 30 ಗೇಜಿನದ್ದು, ಅಂದರೆ ದಪ್ಪ ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಅದರ ತುದಿ ಮುಚ್ಚಿದೆ, ತೂತು ಪಕ್ಕದಲ್ಲಿದೆ. ದ್ರವ ನೇರ ಕೆಳಕ್ಕೆ ಚಿಮ್ಮದೆ ಗೋಡೆಗೆ ಹೊಡೆದು ಸುತ್ತುತ್ತದೆ. ಇದಕ್ಕೊಂದು ಬೆಲೆ ತೆರಬೇಕು. ಇಂಥ ಸೂಜಿಯಿಂದ ಹೊರಟ ದ್ರವ ತುದಿಯಾಚೆ ಒಂದು, ಒಂದೂವರೆ ಮಿಲಿಮೀಟರಿಗಿಂತ ಕೆಳಗೆ ಸರಿಯಾಗಿ ತಲುಪುವುದಿಲ್ಲ. ತುಂಬಾ ಮೇಲೆ ನಿಂತು ಬಿಟ್ಟರೆ ಕೊನೆಯ ಭಾಗ ತೊಳೆಯದೇ ಉಳಿಯುತ್ತದೆ, ತುಂಬಾ ಕೆಳಗೆ ಹೋದರೆ ಮೇಡಂಗೆ ಆದದ್ದು. ಆದ್ದರಿಂದ ನಾಳದ ಉದ್ದಕ್ಕಿಂತ ಎರಡು ಮಿಲಿಮೀಟರ್ ಕಡಿಮೆಗೆ ಸೂಜಿಯ ಮೇಲೆ ರಬ್ಬರ್ ತುಂಡಿನ ಗುರುತು. ಅಷ್ಟು ಆಳಕ್ಕೆ ಸಡಿಲವಾಗಿ ಹೋಗುವಂತೆ ನಾಳವನ್ನು ಮೊದಲು ಅಗಲ ಮಾಡಿಕೊಳ್ಳಬೇಕು. ಒತ್ತುವುದು ಹೆಬ್ಬೆರಳಿನಿಂದಲ್ಲ, ತೋರುಬೆರಳಿನಿಂದ, ಅದಕ್ಕೆ ಅಷ್ಟು ಬಲ ಇಲ್ಲ ಎಂಬ ಒಂದೇ ಕಾರಣಕ್ಕೆ. ಸೂಜಿ ಮೇಲೆ ಕೆಳಗೆ ಆಡುತ್ತಲೇ ಇರಬೇಕು, ಆಡುತ್ತಿರುವ ಸೂಜಿ ಸಿಕ್ಕಿಕೊಂಡಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ನಿಮಿಷಕ್ಕೆ ನಾಲ್ಕೈದು ಮಿಲಿಗಿಂತ ಹೆಚ್ಚು ಬಿಡುವುದಿಲ್ಲ. ಬಿಟ್ಟಷ್ಟೂ ಮೇಲಕ್ಕೆ ಬಂತೇ ಎಂದು ಕಣ್ಣು ಅಲ್ಲೇ ಇರಬೇಕು. ಬಾರದಿದ್ದರೆ ಅದು ಎಲ್ಲಿಗೋ ಹೋಗುತ್ತಿದೆ ಎಂದೇ ಅರ್ಥ.

ಇನ್ನೊಂದು ಸಣ್ಣ ಅಭ್ಯಾಸವೂ ಸೇರಿಕೊಂಡಿದೆ. ಹೈಪೊ ನೋಡಲು ನೀರು, ಸಲೈನು ನೀರು, ಮರಗಟ್ಟುವ ಔಷಧವೂ ನೀರೇ. ನಮ್ಮಲ್ಲಿ ಬಹಳ ಕಡೆ ಆ ಔಷಧವನ್ನು ಸೀಸೆಯಿಂದ ಮಾಮೂಲಿ ಸಿರಿಂಜಿಗೇ ಎಳೆದುಕೊಳ್ಳುತ್ತಾರೆ. ಒಂದೇ ಟ್ರೇಯಲ್ಲಿ ಅಕ್ಕಪಕ್ಕ ಮಲಗಿದ ಎರಡು ಸಿರಿಂಜು, ಎರಡರಲ್ಲೂ ನೀರಿನಂಥದ್ದು. ಮರಗಟ್ಟುವ ಔಷಧವೆಂದು ತಿಳಿದು ಹೈಪೊವನ್ನೇ ಒಸಡಿಗೆ ಚುಚ್ಚಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ನನ್ನ ಸಹಾಯಕಿ ಹೈಪೊ ತುಂಬಿದ ಸಿರಿಂಜಿಗೆ ಕೆಂಪು ಟೇಪು ಸುತ್ತುತ್ತಾಳೆ, ಅದನ್ನು ಇಂಜೆಕ್ಷನ್ ಟ್ರೇಯಲ್ಲಿ ಇಡುವುದೇ ಇಲ್ಲ. ಟೇಪಿಲ್ಲದ ಸಿರಿಂಜು ಕೈಗೆ ಕೊಟ್ಟರೆ ನಾನು ಬಾಯಿ ಬಿಡದೆ ಸಿಂಕಿಗೆ ಚೆಲ್ಲುತ್ತೇನೆ.

ಮೇಡಂ ಹಲ್ಲಿನ ಉಳಿದ ಕೆಲಸವನ್ನು ಅವರು ನನ್ನ ಕೈಯಲ್ಲೇ ಮುಗಿಸಿಕೊಂಡರು. ಬೇರೆ ಡಾಕ್ಟರ ಹತ್ತಿರ ಕಳಿಸುತ್ತೇನೆ, ಖರ್ಚು ನಾನೇ ಕೊಡುತ್ತೇನೆ ಎಂದಿದ್ದೆ, ಒಪ್ಪಲಿಲ್ಲ. ಮೂರು ಭಾಗದಲ್ಲಿ ಒಂದು ಭಾಗ ಹೈಪೊ, ಎರಡು ಭಾಗ ನೀರು ಬೆರೆಸಿ ಶೇ. 1 ಮಾಡಿಕೊಂಡೆ. ಹೊಸ ಸೂಜಿ, ರಬ್ಬರ್ ತುಂಡು 18 ಮಿಲಿಮೀಟರಿಗೆ. ತೋರುಬೆರಳು ಇಟ್ಟಾಗ ನನ್ನ ಕೈ ಸ್ವಲ್ಪ ನಡುಗುತ್ತಿತ್ತು. ವಾಸನೆ ಮೂಗಿಗೆ ಬಿದ್ದದ್ದೇ ಅವರು ಕಣ್ಣು ಬಿಟ್ಟು ಬಲಗೈ ಎತ್ತಿದರು. ನಾನು ನಿಲ್ಲಿಸಿದೆ. ಅವರು ಸೆರಗನ್ನು ಒಂದು ಸಲ ಎಳೆದು ಏಪ್ರನ್ನಿನ ಒಳಗೆ ಸೇರಿಸಿಕೊಂಡು, 'ಹ್ಞೂಂ' ಎಂದು ತಲೆಯಾಡಿಸಿ ಮತ್ತೆ ಕಣ್ಣು ಮುಚ್ಚಿದರು.